ಮೀಟರಿನಲ್ಲಿ 62 ಡಿಗ್ರಿ, ತಳದಲ್ಲಿ 38: ಸೋಲಾರ್ ಟ್ಯಾಂಕಿನಲ್ಲಿ ಲೀಜಿಯೊನೆಲ್ಲಾ ಸಿಕ್ಕರೆ ಏನು ಮಾಡಬೇಕು?

ಪ್ರಶ್ನೆ: ಸರ್, ಮಡಿಕೇರಿ ಹತ್ತಿರ ನಮ್ಮದು 18 ರೂಮಿನ ರೆಸಾರ್ಟ್. 2,000 ಲೀಟರಿನ ಸೋಲಾರ್ ಟ್ಯಾಂಕ್ ಇದೆ, ಒಳಗೆ 9 ಕಿಲೋವಾಟಿನ ಹೀಟರ್ ಇದೆ. ಕರೆಂಟ್ ಬಿಲ್ಲಿಗೆ ಹೆದರಿ ಅದನ್ನು 45 ಡಿಗ್ರಿಗೆ ಇಟ್ಟಿದ್ದೇವೆ. ಪೈಪಿನ ಬಿಸಿನೀರನ್ನು ಸುತ್ತಿಸಿ ಟ್ಯಾಂಕಿಗೆ ವಾಪಸ್ ತರುವ ರಿಟರ್ನ್ ಪಂಪ್ ಬೆಳಿಗ್ಗೆ 5ರಿಂದ 9ರವರೆಗೆ ಮಾತ್ರ ಓಡುತ್ತದೆ. ವಿದೇಶಿ ಟೂರ್ ಕಂಪನಿಯೊಂದು ಕೇಳಿತೆಂದು ಜುಲೈನಲ್ಲಿ ನೀರು ಟೆಸ್ಟ್ ಮಾಡಿಸಿದೆವು. ಲೀಜಿಯೊನೆಲ್ಲಾ ಅನ್ನುವ ಬ್ಯಾಕ್ಟೀರಿಯಾ ಲೀಟರಿಗೆ ಟ್ಯಾಂಕಿನ ತಳದಲ್ಲಿ 2,400, ಹಳೇ ಬ್ಲಾಕಿನ 16ನೇ ರೂಮಿನಲ್ಲಿ 1,900, ಟ್ಯಾಂಕಿನ ಹತ್ತಿರದ 3ನೇ ರೂಮಿನಲ್ಲಿ 150 ಬಂದಿದೆ. ಬಿಸಿಲಿದ್ದ ದಿನ ಟ್ಯಾಂಕಿನ ಮೀಟರ್ 62 ತೋರಿಸುತ್ತದೆ. 9 ವರ್ಷದಲ್ಲಿ ಯಾರಿಗೂ ಏನೂ ಆಗಿಲ್ಲ. ಟ್ಯಾಂಕಿಗೆ ಬ್ಲೀಚಿಂಗ್ ಪೌಡರ್ ಹಾಕಿದರೆ ಸಾಕು ಅಂತಾನೆ ಪ್ಲಂಬರ್. ನಿಜವಾ? ರೂಮು ಮುಚ್ಚಬೇಕಾ? ಪೈಪಿನ ನಕ್ಷೆ ಕಳಿಸಿದ್ದೇನೆ.

ಉತ್ತರ: ಇವತ್ತೇ ಮಾಡಬೇಕಾದ್ದನ್ನು ಮೊದಲು ಹೇಳುತ್ತೇನೆ, ಕಾರಣ ಆಮೇಲೆ. ಹಳೇ ಬ್ಲಾಕಿನ ನಾಲ್ಕೂ ರೂಮುಗಳನ್ನು ಸದ್ಯಕ್ಕೆ ಯಾರಿಗೂ ಕೊಡಬೇಡಿ. ಉಳಿದ ರೂಮುಗಳಲ್ಲಿ ಶವರ್ ತಲೆ ಬಿಚ್ಚಿಡಿ, ಬಕೆಟ್ ಸ್ನಾನಕ್ಕೆ ವ್ಯವಸ್ಥೆ ಮಾಡಿ. ಹೀಟರನ್ನು 45ರಿಂದ 60ಕ್ಕೆ ಏರಿಸಿ, ರಿಟರ್ನ್ ಪಂಪಿನ ಟೈಮರ್ ತೆಗೆದುಬಿಡಿ. ನೀರು ಈಗ ಜಾಸ್ತಿ ಸುಡುತ್ತದೆ ಅಂತ ಪ್ರತಿ ರೂಮಿನಲ್ಲೂ ಬರೆದು ಅಂಟಿಸಿ, ಬಾಯಲ್ಲೂ ಹೇಳಿ. ಇಡೀ ರೆಸಾರ್ಟ್ ಮುಚ್ಚುವ ಅಗತ್ಯ ನನಗೆ ಕಾಣುತ್ತಿಲ್ಲ. ಆದರೆ ಸಾವಿರ ದಾಟಿದ ಸಂಖ್ಯೆಯನ್ನು ‘ಮತ್ತೊಮ್ಮೆ ಟೆಸ್ಟ್ ಮಾಡಿಸಿ ನೋಡೋಣ’ ಅಂತ ಬಿಡುವ ಹಾಗೂ ಇಲ್ಲ. ಬ್ರಿಟನ್ನಿನ ಮಾರ್ಗಸೂಚಿಯಲ್ಲಿ, ಬಹುಶಃ ನಿಮ್ಮ ಟೂರ್ ಕಂಪನಿಯೂ ಅದನ್ನೇ ನೋಡುತ್ತಿರಬಹುದು, ಲೀಟರಿಗೆ ಸಾವಿರ ದಾಟಿದರೆ ಮತ್ತೆ ಮಾದರಿ ತೆಗೆಯುವುದರ ಜೊತೆಗೆ ಕೂಡಲೇ ವ್ಯವಸ್ಥೆಯನ್ನು ಪರಿಶೀಲಿಸಿ, ಬೇಕಾದರೆ ಶುದ್ಧ ಮಾಡಬೇಕು ಅಂತಿದೆ.

ಬಕೆಟ್ ಯಾಕೆ ಅಂದಿರಾ? ಈ ಬ್ಯಾಕ್ಟೀರಿಯಾ ಸಾಮಾನ್ಯವಾಗಿ ಸೇರುವುದು ಹೊಟ್ಟೆಯಿಂದಲ್ಲ, ಉಸಿರಿನಿಂದ. ಶವರಿನಿಂದ ಏಳುವ ಕಣ್ಣಿಗೆ ಕಾಣದ ಸಣ್ಣ ಹನಿಗಳು ಶ್ವಾಸಕೋಶದ ಆಳಕ್ಕೆ ಹೋಗುತ್ತವೆ. ಚೊಂಬಿನಲ್ಲಿ ಸುರಿದುಕೊಂಡಾಗ ಅಂಥ ಹನಿ ತುಂಬಾ ಕಡಿಮೆ. ನಮ್ಮ ಅಜ್ಜಿಯರ ಬಚ್ಚಲಿನ ಹಂಡೆ ಈ ಲೆಕ್ಕದಲ್ಲಿ ಒಳ್ಳೆಯ ವಿನ್ಯಾಸವೇ. ದಿನಾ ಉರಿ ಹಾಕಿ ಕುದಿಯುವ ಹತ್ತಿರಕ್ಕೆ ತರುತ್ತಿದ್ದರು, ಪೈಪಿಲ್ಲ, ಶವರಿಲ್ಲ. ತೊಂದರೆ ಶುರುವಾದದ್ದು ನಾವು ಬಿಸಿನೀರನ್ನು ದೊಡ್ಡ ಟ್ಯಾಂಕಿನಲ್ಲಿ ಕೂಡಿಟ್ಟು, ಉದ್ದುದ್ದ ಪೈಪಿನಲ್ಲಿ ಕಳಿಸತೊಡಗಿದ ಮೇಲೆ.

‘9 ವರ್ಷದಲ್ಲಿ ಯಾರಿಗೂ ಏನೂ ಆಗಿಲ್ಲ’ ಎಂಬ ಮಾತು ನನಗೆ ಎಲ್ಲಾ ಕಡೆ ಕೇಳಿಸುತ್ತದೆ. ನೀವು ಹೇಳುತ್ತಿರುವುದು ಸುಳ್ಳಲ್ಲ. ಆದರೆ ಆಗಿದ್ದರೂ ನಿಮಗೆ ಗೊತ್ತಾಗುತ್ತಿರಲಿಲ್ಲ. ಸೋಂಕು ತಗಲಿ ಜ್ವರ ಬರುವುದಕ್ಕೆ ಸಾಮಾನ್ಯವಾಗಿ 2ರಿಂದ 10 ದಿನ ಬೇಕು. ಅಷ್ಟರಲ್ಲಿ ನಿಮ್ಮ ಅತಿಥಿ ಪುಣೆಯಲ್ಲೋ ಚೆನ್ನೈನಲ್ಲೋ ತಮ್ಮ ಮನೆ ಸೇರಿರುತ್ತಾರೆ. ಅಲ್ಲಿನ ಡಾಕ್ಟರು ನ್ಯುಮೋನಿಯಾ ಅಂತ ಚಿಕಿತ್ಸೆ ಕೊಡುತ್ತಾರೆ. ಲೀಜಿಯೊನೆಲ್ಲಾಕ್ಕೆ ಬೇರೆಯೇ ಪರೀಕ್ಷೆ ಬೇಕು, ಕೇಳದೆ ಅದನ್ನು ಯಾರೂ ಮಾಡುವುದಿಲ್ಲ. ಇದರಿಂದ ಬರುವ ನ್ಯುಮೋನಿಯಾಕ್ಕೆ ಲೀಜನೇರ್ಸ್ ರೋಗ ಅಂತ ಹೆಸರು ಬಂದ ಕಥೆಯೂ ಹೀಗೇ. 1976ರ ಜುಲೈನಲ್ಲಿ ಫಿಲಡೆಲ್ಫಿಯಾದ ಬೆಲೆವ್ಯೂ ಸ್ಟ್ರಾಟ್‌ಫರ್ಡ್ ಹೋಟೆಲಿನಲ್ಲಿ ಅಮೆರಿಕನ್ ಲೀಜನ್ ಎಂಬ ಮಾಜಿ ಸೈನಿಕರ ಸಂಘದ ಸಮಾವೇಶ ನಡೆಯಿತು. ಎಷ್ಟೋ ಜನ ಊರಿಗೆ ಹಿಂತಿರುಗಿದ ಮೇಲೆ ಕಾಯಿಲೆ ಬಿದ್ದರು. ಎಲ್ಲರೂ ಒಂದೇ ಸಂಘದವರಾಗಿದ್ದರಿಂದ ಹೋಟೆಲಿನ ನಂಟು ಬೇಗ ಸಿಕ್ಕಿತು. ಬ್ಯಾಕ್ಟೀರಿಯಾ ಸಿಕ್ಕಿದ್ದು 1977ರ ಜನವರಿಯಲ್ಲಿ. ಅಲ್ಲಿ ಅನುಮಾನ ಬಿದ್ದದ್ದು ಎಸಿ ವ್ಯವಸ್ಥೆಯ ಮೇಲೆ, ಬಿಸಿನೀರಿನ ಮೇಲಲ್ಲ. ಬಿಸಿನೀರಿನ ಪೈಪುಗಳೂ ಇದರ ಮನೆ ಅಂತ ಆಮೇಲೆ ತಿಳಿಯಿತು. ವಯಸ್ಸಾದವರು, ಬೀಡಿ ಸಿಗರೇಟು ಸೇದುವವರು, ಸಕ್ಕರೆ ಕಾಯಿಲೆ ಅಥವಾ ಶ್ವಾಸಕೋಶದ ತೊಂದರೆ ಇರುವವರಿಗೆ ಅಪಾಯ ಜಾಸ್ತಿ. ಟೂರ್ ಕಂಪನಿ ಕರೆತರುವ ಅತಿಥಿಗಳಲ್ಲಿ ನಿವೃತ್ತರೇ ಹೆಚ್ಚಲ್ವಾ?

ಇನ್ನು ನಿಮ್ಮ ಟ್ಯಾಂಕು. ನಾನು ಫೋನಿನಲ್ಲಿ ಹೇಳಿದಂತೆ ನೀವು ಸಂಜೆ ಅತಿಥಿಗಳ ಸ್ನಾನ ಮುಗಿದ ಮೇಲೆ ತಳದ ಡ್ರೈನ್ ವಾಲ್ವ್ ತೆರೆದು ನೀರು ಹಿಡಿದು ಅಳೆದಿರಿ. ಮೀಟರ್ 62 ತೋರಿಸುತ್ತಿದ್ದಾಗ ತಳದ ನೀರು 38 ಇತ್ತು. ನಿಮ್ಮ ಸಮಸ್ಯೆಯ ಅರ್ಧ ಭಾಗ ಈ ಎರಡು ಸಂಖ್ಯೆಗಳಲ್ಲೇ ಇದೆ.

ಬಿಸಿನೀರು ಹಗುರ, ತಣ್ಣೀರು ಭಾರ. ಅತಿಥಿಗಳು ಮೇಲಿನಿಂದ ಬಿಸಿನೀರು ಎಳೆದುಕೊಂಡಂತೆ ತಳದಿಂದ ತಣ್ಣೀರು ಒಳಬರುತ್ತದೆ. ಎರಡೂ ಬೆರೆಯದೆ ಪದರ ಪದರವಾಗಿ ಕೂರುತ್ತವೆ. ಮೀಟರಿನ ಕಡ್ಡಿ ಇರುವುದು ಮೇಲೆ, ಹೀಟರ್ ಇರುವುದು ನಡುವೆ. ಹೀಟರ್ ತನ್ನ ಮೇಲಿರುವ ನೀರನ್ನು ಮಾತ್ರ ಚೆನ್ನಾಗಿ ಕಾಯಿಸುತ್ತದೆ, ಅದರ ಕೆಳಗಿನದು ಹಾಗೇ ಉಳಿಯುತ್ತದೆ. ಆ ತಳದಲ್ಲೇ ಮಣ್ಣು, ತುಕ್ಕು, ಲೋಳೆ ಎಲ್ಲಾ ಸೇರಿಕೊಂಡಿರುತ್ತವೆ. ಲೀಜಿಯೊನೆಲ್ಲಾ ಬೆಳೆಯುವುದು ಸುಮಾರು 20ರಿಂದ 45 ಡಿಗ್ರಿಯ ನಡುವೆ. ಅದಕ್ಕೆ ಬಹಳ ಹಿತವಾದದ್ದು ನಮ್ಮ ಮೈ ಬಿಸಿಯ ಆಸುಪಾಸು. ನಿಮ್ಮ ತಳದ 38 ಅದಕ್ಕೆ ಹೇಳಿ ಮಾಡಿಸಿದ ಜಾಗ. ಮಳೆಗಾಲದಲ್ಲಿ ವಾರಗಟ್ಟಲೆ ಬಿಸಿಲು ಕಾಣದಾಗ ಹೀಟರ್ 45ಕ್ಕೆ ನಿಂತುಬಿಟ್ಟರೆ, ಇಡೀ ಟ್ಯಾಂಕೇ ಆ ಜಾಗವಾಗುತ್ತದೆ.

50 ಡಿಗ್ರಿಯಲ್ಲಿ ಅದು ಸಾಯುತ್ತದೆ, ಆದರೆ ನಿಧಾನವಾಗಿ. ನೂರರಲ್ಲಿ ತೊಂಬತ್ತು ಸಾಯಲು ಸುಮಾರು ಎರಡು ಗಂಟೆ ಬೇಕು. 60 ಡಿಗ್ರಿಯಲ್ಲಿ ಅದೇ ಕೆಲಸ ಎರಡೇ ನಿಮಿಷದಲ್ಲಿ ಆಗುತ್ತದೆ. ಹತ್ತು ಡಿಗ್ರಿಗೆ ಇಷ್ಟೊಂದು ವ್ಯತ್ಯಾಸ. ‘ಟ್ಯಾಂಕಿನಲ್ಲಿ 60, ವಾಪಸ್ ಬರುವ ನೀರು 50ಕ್ಕಿಂತ ಕೆಳಗೆ ಬೇಡ, ನಲ್ಲಿಯಲ್ಲಿ ಒಂದು ನಿಮಿಷದೊಳಗೆ 50’ ಎಂಬ ನಿಯಮ ಬಂದದ್ದು ಇದರಿಂದಲೇ. ಟ್ಯಾಂಕಿನಲ್ಲಿ ಕೊಲ್ಲಬೇಕು, ಪೈಪಿನಲ್ಲಿ ಬೆಳೆಯಲು ಬಿಡಬಾರದು. ತಣ್ಣೀರು 20ಕ್ಕಿಂತ ಕೆಳಗಿರಬೇಕು ಅಂತಲೂ ಆ ನಿಯಮ ಹೇಳುತ್ತದೆ. ಅದನ್ನು ನಮ್ಮಲ್ಲಿ ವರ್ಷಪೂರ್ತಿ ಪಾಲಿಸುವುದು ಕಷ್ಟ. ಏಪ್ರಿಲ್ ಬಿಸಿಲಿಗೆ ತಾರಸಿಯ ಕಪ್ಪು ಟ್ಯಾಂಕಿನ ನೀರೇ ಉಗುರು ಬೆಚ್ಚಗಿರುತ್ತದೆ. ಆ ಟ್ಯಾಂಕಿಗೆ ನೆರಳು ಮಾಡಿ, ಒಂದೆರಡು ದಿನಕ್ಕಿಂತ ಹೆಚ್ಚು ನೀರು ತುಂಬಿಡಬೇಡಿ. ತಣ್ಣೀರಿನ ಪೈಪು ಬಿಸಿನೀರಿನ ಪೈಪಿನ ಪಕ್ಕಕ್ಕೇ ಗೋಡೆಯ ಒಂದೇ ಕೊರಕಲಿನಲ್ಲಿ ಹೋಗುತ್ತಿದ್ದರೆ ಬೇರ್ಪಡಿಸಿ. ಇಲ್ಲಿ ಅಷ್ಟು ಮಾಡಬಹುದು.

ದೊಡ್ಡ ಟ್ಯಾಂಕಿನ ವಿಷಯದಲ್ಲಿ ನನ್ನದೇ ಒಂದು ತಪ್ಪು ಹೇಳಿಕೊಳ್ಳುತ್ತೇನೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಹಾಸ್ಟೆಲಿಗೆ ಬಿಸಿನೀರಿನ ವ್ಯವಸ್ಥೆ ಬರೆದುಕೊಟ್ಟೆ. ನೀರು ಕಮ್ಮಿಯಾಯಿತು ಅಂತ ಯಾರೂ ಬಯ್ಯಬಾರದು ಅಂತ ಲೆಕ್ಕಕ್ಕಿಂತ ಎರಡರಷ್ಟು ದೊಡ್ಡ ಟ್ಯಾಂಕ್ ಹಾಕಿಸಿದೆ. ಜಾಗಕ್ಕೆ ಹೊಂದಲಿ ಅಂತ ಅಡ್ಡ ಮಲಗಿಸಿದೆ. ಮೂರು ವರ್ಷದ ಮೇಲೆ ಬೇರೇನೋ ಕೆಲಸಕ್ಕೆ ಹೋದವನು ಸುಮ್ನೆ ಕುತೂಹಲಕ್ಕೆ ತಳದ ನೀರು ಹಿಡಿದೆ. ಬೆಚ್ಚಗೆ, ಕಂದು ಬಣ್ಣ, ಕೈಗೆ ಲೋಳೆ ಲೋಳೆ. ಅಷ್ಟು ನೀರು ಅವರಿಗೆ ಬೇಕೇ ಇರಲಿಲ್ಲ. ತಳದ್ದು ದಿನಗಟ್ಟಲೆ ಕದಲದೆ ಕೂತಿತ್ತು. ಅಂದಿನಿಂದ ಯಾವ ಟ್ಯಾಂಕ್ ನೋಡಿದರೂ ಮೊದಲು ಡ್ರೈನ್ ವಾಲ್ವ್ ಎಲ್ಲಿದೆ ಅಂತ ಹುಡುಕುತ್ತೇನೆ. ತೀರಾ ತಳದಲ್ಲಿದ್ದರೆ ಮಾತ್ರ ಅದಕ್ಕೆ ಅರ್ಥ. ಪಕ್ಕದಲ್ಲಿ ಮೂರು ಇಂಚು ಮೇಲಿದ್ದರೆ ಕೆಸರೆಲ್ಲಾ ಒಳಗೇ ಉಳಿಯುತ್ತದೆ.

ನಿಮ್ಮ ಟ್ಯಾಂಕ್ ಗಾತ್ರ ಸರಿಯಾಗಿದೆ. ರೂಮು ತುಂಬಿದ ದಿನ 36 ಜನ, ತಲಾ 40 ಲೀಟರ್ ಬಿಸಿನೀರು ಅಂದರೂ ಬೆಳಗಿನ ಹೊತ್ತಿಗೆ 1,440 ಲೀಟರ್. ಮಳೆಗಾಲದಲ್ಲಿ ನಾಲ್ಕೈದು ರೂಮು ಮಾತ್ರ ಇದ್ದಾಗ ಅದೇ ಟ್ಯಾಂಕ್ ತೀರಾ ದೊಡ್ಡದಾಗುತ್ತದೆ, ನೀರು ಹೊರಳುವುದೇ ಇಲ್ಲ. ಜುಲೈನಲ್ಲಿ ಸಂಖ್ಯೆ ಏರಿದ್ದರಲ್ಲಿ ಆಶ್ಚರ್ಯವಿಲ್ಲ.

ಸಮಸ್ಯೆಯ ಇನ್ನರ್ಧ ಪೈಪಿನಲ್ಲಿದೆ. ನಿಮ್ಮ ನಕ್ಷೆಯಲ್ಲಿ ರಿಟರ್ನ್ ಲೈನ್ ಹೊಸ ಬ್ಲಾಕಿನ ತುದಿಯಲ್ಲೇ ತಿರುಗಿ ವಾಪಸ್ ಬರುತ್ತದೆ. ಅಲ್ಲಿಂದ ಹಳೇ ಬ್ಲಾಕಿಗೆ ಮುಕ್ಕಾಲು ಇಂಚಿನ ಒಂಟಿ ಪೈಪ್ 22 ಮೀಟರ್ ಹೋಗುತ್ತದೆ. ಅದರಲ್ಲಿ ನೀರು ಸುತ್ತುವುದಿಲ್ಲ, ಯಾರಾದರೂ ನಲ್ಲಿ ತಿರುಗಿಸಿದರೆ ಮಾತ್ರ ಕದಲುತ್ತದೆ. ಇಂಥದ್ದಕ್ಕೆ ನಮ್ಮ ಕೆಲಸದಲ್ಲಿ ಡೆಡ್ ಲೆಗ್ ಅನ್ನುತ್ತೇವೆ. ಮುಕ್ಕಾಲು ಇಂಚಿನ ಸಿಪಿವಿಸಿ ಪೈಪಿನಲ್ಲಿ ಮೀಟರಿಗೆ ಸುಮಾರು ಕಾಲು ಲೀಟರ್ ನೀರು ಹಿಡಿಯುತ್ತದೆ. ಅಂದರೆ 22 ಮೀಟರಿಗೆ ಐದೂವರೆ ಲೀಟರಿನಷ್ಟು. ನಿಮಿಷಕ್ಕೆ ಆರು ಲೀಟರ್ ಬಿಡುವ ಶವರಿನಲ್ಲಿ ಆ ನಿಂತ ನೀರು ಖಾಲಿಯಾಗಲು ಸುಮಾರು ಒಂದು ನಿಮಿಷ ಬೇಕು, ಆಮೇಲೆ ತಣ್ಣಗಿರುವ ಪೈಪ್ ಬಿಸಿಯಾಗಲು ಇನ್ನೂ ಸ್ವಲ್ಪ ಹೊತ್ತು. 16ನೇ ರೂಮಿನವರು ‘ಬಿಸಿ ಬರಲಿ’ ಅಂತ ಶವರ್ ಬಿಟ್ಟುಕೊಂಡು ಪಕ್ಕದಲ್ಲಿ ನಿಲ್ಲುತ್ತಾರಲ್ಲ, ಆ ಒಂದು ನಿಮಿಷದಲ್ಲಿ ಅವರು ಉಸಿರಾಡುವುದು ಪೈಪಿನಲ್ಲಿ ರಾತ್ರಿಯೆಲ್ಲಾ ಉಗುರು ಬೆಚ್ಚಗೆ ನಿಂತ ನೀರಿನ ಹನಿಗಳನ್ನು.

ಇದಲ್ಲದೆ 15 ಮತ್ತು 17ನೇ ರೂಮಿನಲ್ಲಿ ಬಾತ್‌ಟಬ್ ತೆಗೆಸಿದ್ದೀರಿ, ಪೈಪನ್ನು ಗೋಡೆಯಲ್ಲೇ ಕ್ಯಾಪ್ ಹಾಕಿ ಬಿಟ್ಟಿದ್ದಾರೆ. ಇದು ಇನ್ನೂ ಕೆಟ್ಟದ್ದು. ಇಲ್ಲಿ ತಿರುಗಿಸಲು ನಲ್ಲಿಯೂ ಇಲ್ಲ, ನೀರು ಯಾವತ್ತೂ ಕದಲುವುದಿಲ್ಲ. ಹರಿಯುವ ಪೈಪಿಗೆ ಅಂಟಿಕೊಂಡಿರುವುದರಿಂದ ಅಲ್ಲಿನ ಲೋಳೆ ಆಗಾಗ ಬಿಚ್ಚಿಕೊಂಡು ಪಕ್ಕದ ನೀರಿಗೆ ಸೇರುತ್ತದೆ. ನೀವು ಎಷ್ಟು ಬಿಸಿನೀರು ಹಾಯಿಸಿದರೂ ಆ ತುಂಡಿನ ಒಳಕ್ಕೆ ಬಿಸಿ ತಲುಪುವುದಿಲ್ಲ. ಕ್ಯಾಪ್ ಹಾಕಿದರೆ ಸೋರಿಕೆ ನಿಲ್ಲುತ್ತದೆ ಅಷ್ಟೇ. ಗೋಡೆ ಒಡೆದು, ಕವಲು ಹೊರಡುವ ಟೀ ಹತ್ತಿರಕ್ಕೇ ಹೋಗಿ ಕತ್ತರಿಸಬೇಕು. ಟೀ ತೆಗೆದು ನೇರ ಪೈಪ್ ಕೂಡಿಸಿದರೆ ಅತ್ಯುತ್ತಮ. ಆಗದಿದ್ದರೆ ಉಳಿಯುವ ತುಂಡು ಒಂದೆರಡು ಇಂಚು ಮೀರಬಾರದು. ಟೈಲ್ಸ್ ಹಾಳಾಗುತ್ತದೆ ಅಂತ ಇದನ್ನು ಮುಂದೂಡಬೇಡಿ. ನಿಮ್ಮ ಪಟ್ಟಿಯಲ್ಲಿ ಖರ್ಚಿಗೆ ಹೋಲಿಸಿದರೆ ಅತಿ ಹೆಚ್ಚು ಫಲ ಕೊಡುವ ಕೆಲಸ ಇದೇ. ಪಂಪ್ ರೂಮಿನಲ್ಲಿ ಸುಮ್ಮನೆ ಕೂತಿರುವ ಎರಡನೇ ಪಂಪನ್ನೂ ಮರೆಯಬೇಡಿ. ಅದರೊಳಗೂ ನೀರು ನಿಂತಿದೆ, ವಾರಕ್ಕೊಮ್ಮೆ ಅದಲು ಬದಲು ಮಾಡಿ ಓಡಿಸಿ.

ಬ್ಲೀಚಿಂಗ್ ಪೌಡರಿನ ಬಗ್ಗೆ ಎರಡೇ ಮಾತು. ಬಿಸಿನೀರಿನಲ್ಲಿ ಕ್ಲೋರಿನ್ ಬೇಗ ಹಾರಿಹೋಗುತ್ತದೆ. ಉಳಿದದ್ದು ಲೋಳೆಯ ಮೇಲ್ಪದರದಲ್ಲೇ ಖರ್ಚಾಗುತ್ತದೆ, ಕ್ಯಾಪ್ ಹಾಕಿದ ತುಂಡಿಗಂತೂ ಹೋಗುವುದೇ ಇಲ್ಲ. ಜಾಸ್ತಿ ಸುರಿದರೆ ಸ್ಟೀಲ್ ಟ್ಯಾಂಕಿನಲ್ಲಿ ಸಣ್ಣ ಸಣ್ಣ ತೂತು ಬೀಳುತ್ತವೆ. ನಿಮ್ಮ ಪ್ಲಂಬರ್ ಹೇಳಿದ್ದು ತಣ್ಣೀರಿನ ಟ್ಯಾಂಕ್ ತೊಳೆಯುವ ವಿಷಯದಲ್ಲಿ ಸರಿ, ಇಲ್ಲಿ ಅಲ್ಲ.

ಹಾಗಾದರೆ ದಾರಿ ಏನು? ನಿಮ್ಮ ಮುಂದೆ ನಿಜವಾಗಿ ಮೂರು ಇವೆ.

ಮೊದಲನೆಯದು, ಇರುವ ಟ್ಯಾಂಕನ್ನೇ ದಿನಕ್ಕೊಮ್ಮೆ ತಳದವರೆಗೂ 60ಕ್ಕೆ ಏರಿಸಿ ಒಂದು ಗಂಟೆ ಹಿಡಿಯುವುದು. ಇದಕ್ಕೆ ತಳದ ನೀರನ್ನು ಎಳೆದು ಮೇಲಕ್ಕೆ ಬಿಡುವ ಒಂದು ಸಣ್ಣ ಪಂಪ್ ಬೇಕು, ಪದರ ಮುರಿಯಲು. ತಳದಲ್ಲಿ ಇನ್ನೊಂದು ಥರ್ಮಾಮೀಟರ್ ಬೇಕು. ಕಾಯಿಸಲು ಒಳ್ಳೆಯ ಹೊತ್ತು ಮಧ್ಯಾಹ್ನ. ಸೂರ್ಯ ಆಗಲೇ ಅರ್ಧ ಕೆಲಸ ಮಾಡಿರುತ್ತಾನೆ, ಸ್ನಾನ ಮಾಡುವವರೂ ಕಡಿಮೆ. ಟ್ಯಾಂಕ್ 45ರಲ್ಲಿದ್ದರೆ 60ಕ್ಕೆ ಏರಿಸಲು 35 ಯೂನಿಟ್ ಕರೆಂಟ್, ನಿಮ್ಮ 9 ಕಿಲೋವಾಟಿನ ಹೀಟರಿಗೆ ನಾಲ್ಕು ಗಂಟೆ. ಮಳೆಗಾಲದಲ್ಲಿ 38ರಿಂದ ಶುರುವಾದರೆ 51 ಯೂನಿಟ್, ಸುಮಾರು ಆರು ಗಂಟೆ. ಬಿಲ್ ಏರುತ್ತದೆ, ಇಲ್ಲ ಅನ್ನುವುದಿಲ್ಲ. ಬಿಸಿಲಿನ ತಿಂಗಳುಗಳಲ್ಲಿ ಈ ಖರ್ಚು ಬಹಳ ಕಡಿಮೆ.

ಎರಡನೆಯದು, ಸೋಲಾರ್ ಟ್ಯಾಂಕನ್ನು ಬರೀ ನೀರನ್ನು ಮೊದಲು ಬೆಚ್ಚಗೆ ಮಾಡುವುದಕ್ಕೆ ಬಿಟ್ಟು, ಅದರ ಮುಂದೆ ನೆಟ್ಟಗೆ ನಿಲ್ಲಿಸುವ 500 ಲೀಟರಿನ ಟ್ಯಾಂಕ್ ಇಟ್ಟು ಅದನ್ನು ಸದಾ 60ರಲ್ಲಿ ಇಡುವುದು. ಕಾಗದದ ಮೇಲೆ ಇದು ಚೆಂದ. ಆದರೆ ಬೆಳಿಗ್ಗೆ ಎರಡು ಗಂಟೆಯಲ್ಲಿ 1,440 ಲೀಟರ್ ಎಳೆದರೆ, 40 ಡಿಗ್ರಿಯಲ್ಲಿ ಬರುವ ನೀರನ್ನು ಹರಿಯುತ್ತಿರುವಾಗಲೇ 60ಕ್ಕೆ ತರಲು 17 ಕಿಲೋವಾಟ್ ಹತ್ತಿರ ಬೇಕು. 9 ಕಿಲೋವಾಟಿನಲ್ಲಿ ಮಾಡಲು ಹೋದರೆ ಏಳು ಗಂಟೆ ಹೊತ್ತಿಗೆ ಅದು ಕೊಲ್ಲುವ ಟ್ಯಾಂಕ್ ಆಗಿ ಉಳಿಯುವುದಿಲ್ಲ, ಬೆಚ್ಚನೆ ನೀರು ದಾಟಿಸುವ ಪಾತ್ರೆಯಾಗುತ್ತದೆ. ಅಷ್ಟು ಲೋಡ್ ಸಿಗದೆ ಈ ದಾರಿ ಹಿಡಿಯಬೇಡಿ. ಹೀಟ್ ಪಂಪ್ ಹಾಕುವ ಯೋಚನೆ ಇದ್ದರೂ ಅಷ್ಟೇ. ಕೊಳ್ಳುವ ಮೊದಲು ಮಳೆಗಾಲದಲ್ಲಿ 60 ಕೊಡುತ್ತದಾ ಅಂತ ಬರಹದಲ್ಲಿ ಕೇಳಿ. 55ಕ್ಕೆ ನಿಲ್ಲುವ ಮಾದರಿಗಳು ಬೇಕಾದಷ್ಟಿವೆ.

ಮೂರನೆಯದು, ಕೇಂದ್ರ ವ್ಯವಸ್ಥೆ ಬಿಟ್ಟು ರೂಮಿಗೊಂದು 15 ಲೀಟರಿನ ಗೀಸರ್. ನೀರು ಸ್ವಲ್ಪ, ಪೈಪ್ ಗಿಡ್ಡ, ಹಾಗಾಗಿ ಅಪಾಯ ಕಡಿಮೆ. ಆದರೆ 18 ಗೀಸರ್ ಒಟ್ಟಿಗೆ ಬೆಳಿಗ್ಗೆ ಹಾಕಿದರೆ 36 ಕಿಲೋವಾಟ್. ಅತಿಥಿ ಇಲ್ಲದ ರೂಮಿನ ಗೀಸರಿನಲ್ಲೂ ನೀರು ನಿಂತೇ ಇರುತ್ತದೆ.

ನಾನಾಗಿದ್ದರೆ ಹೊಸ ಬ್ಲಾಕಿಗೆ ಮೊದಲನೆಯದನ್ನು, ಹಳೇ ಬ್ಲಾಕಿನ ನಾಲ್ಕು ರೂಮಿಗೆ ಮೂರನೆಯದನ್ನು ಮಾಡುತ್ತಿದ್ದೆ. 22 ಮೀಟರಿನ ಆ ಒಂಟಿ ಪೈಪನ್ನು ಟೀ ಹತ್ತಿರ ಕತ್ತರಿಸಿ ಮರೆತುಬಿಡಬಹುದು. ಅದಕ್ಕೆ ರಿಟರ್ನ್ ಲೈನ್ ಎಳೆಸುವುದೂ ಸರಿಯೇ, ಆದರೆ ನಿಮ್ಮಲ್ಲಿ ಪೈಪ್ ಹೊರಗೋಡೆಯ ಮೇಲಿದೆ. ಮಳೆಗೆ ನೆನೆದ ಇನ್ಸುಲೇಶನ್ ಇದ್ದೂ ಇಲ್ಲದ ಹಾಗೆ. ಅಷ್ಟು ಉದ್ದಕ್ಕೆ 50 ಡಿಗ್ರಿ ಹಿಡಿದಿಡಲು ಆಗಸ್ಟಿನಲ್ಲಿ ಒದ್ದಾಡುತ್ತೀರಿ.

ರಿಟರ್ನ್ ಪಂಪ್ ಹಗಲೂ ರಾತ್ರಿ ಓಡಲಿ ಅಂದೆನಲ್ಲ, ಪಂಪ್ ತಿನ್ನುವ ಕರೆಂಟ್ ದಿನಕ್ಕೆ ಎರಡು ಯೂನಿಟ್ಟಿನ ಆಸುಪಾಸು. ಶಾಖ ಹೋಗುವುದು ಪೈಪಿನ ಮೈಯಿಂದ. ಹಾಗಾಗಿ ಟೈಮರ್ ಹಾಕಿ ಉಳಿಸುವ ಬದಲು ಒಳ್ಳೆಯ ಇನ್ಸುಲೇಶನ್ ಹಾಕಿಸಿ ಉಳಿಸಿ.

ಸುಡುವ ಅಪಾಯ ನಿಜ, ಅದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. 60 ಡಿಗ್ರಿ ನೀರು ಕೆಲವೇ ಸೆಕೆಂಡಿನಲ್ಲಿ ಚರ್ಮ ಸುಡುತ್ತದೆ, ಮಕ್ಕಳು ಮತ್ತು ವಯಸ್ಸಾದವರಿಗೆ ಇನ್ನೂ ಬೇಗ. ಅದಕ್ಕೆ ಟ್ಯಾಂಕ್ ತಣ್ಣಗಿಡುವುದು ಪರಿಹಾರವಲ್ಲ. ಪ್ರತಿ ಶವರಿನ ಹತ್ತಿರ ಥರ್ಮೋಸ್ಟಾಟ್ ಇರುವ ಮಿಕ್ಸಿಂಗ್ ವಾಲ್ವ್ ಹಾಕಿ 41ಕ್ಕೆ ಕಟ್ಟಿ. ವಾಲ್ವ್‌ನಿಂದ ಮುಂದಿನ ಪೈಪ್ ಆದಷ್ಟು ಗಿಡ್ಡ ಇರಲಿ, ಯಾಕೆಂದರೆ ಅಲ್ಲಿರುವುದು ಮತ್ತೆ ಬೆಚ್ಚನೆ ನೀರೇ. ಕೆಲವರು ಖರ್ಚು ಉಳಿಸಲು ಟ್ಯಾಂಕಿನ ಬಾಯಿಯಲ್ಲೇ ಒಂದು ದೊಡ್ಡ ಮಿಕ್ಸಿಂಗ್ ವಾಲ್ವ್ ಹಾಕಿ ಇಡೀ ಕಟ್ಟಡಕ್ಕೆ 42 ಡಿಗ್ರಿ ಕಳಿಸುತ್ತಾರೆ. ಟ್ಯಾಂಕ್ 60ರಲ್ಲಿದ್ದೂ ಪೈಪೆಲ್ಲಾ ಬ್ಯಾಕ್ಟೀರಿಯಾ ಸಾಕುವ ತೊಟ್ಟಿಲಾಗುತ್ತದೆ.

ಈಗ ಶುದ್ಧ ಮಾಡುವ ಕ್ರಮ. ಕ್ಯಾಪ್ ಹಾಕಿದ ತುಂಡುಗಳನ್ನು ಮೊದಲು ಕತ್ತರಿಸಿ, ಇಲ್ಲದಿದ್ದರೆ ಮುಂದಿನದೆಲ್ಲಾ ವ್ಯರ್ಥ. ಆಮೇಲೆ ಟ್ಯಾಂಕ್ ಖಾಲಿ ಮಾಡಿ ತಳದ ಕೆಸರು ತೊಳೆಸಿ. ಎಲ್ಲೂ ಸಾದಾ ಪಿವಿಸಿ ಪೈಪ್ ಸೇರಿಕೊಂಡಿಲ್ಲ ಅಂತ ನೋಡಿಕೊಳ್ಳಿ, ಅದು ಈ ಬಿಸಿಗೆ ಮೆತ್ತಗಾಗುತ್ತದೆ. ಟ್ಯಾಂಕನ್ನು ತಳದವರೆಗೂ 65 ದಾಟಿಸಿ. ಆಮೇಲೆ ಒಂದೊಂದೇ ನಲ್ಲಿ, ಒಂದೊಂದೇ ಶವರ್ ತೆರೆದು, ಬರುವ ನೀರು 60 ಮುಟ್ಟಿದ ಮೇಲೆ ಐದು ನಿಮಿಷ ಬಿಡಿ. ಹೊಸ ಬ್ಲಾಕಿನ 14 ರೂಮಿನ ನಲ್ಲಿ, ಶವರ್ ಸೇರಿ 28 ಕಡೆ ಆಗುತ್ತದೆ, ಒಟ್ಟು 840 ಲೀಟರ್. ಅಷ್ಟೂ ಒಂದೇ ಸಲ ಎಳೆದರೆ ಟ್ಯಾಂಕಿಗೆ ತಣ್ಣೀರು ನುಗ್ಗಿ ಕೊನೆಯ ರೂಮುಗಳಿಗೆ 60 ಸಿಗುವುದಿಲ್ಲ. ಎರಡು ದಿನಕ್ಕೆ ಹಂಚಿಕೊಳ್ಳಿ. ಅತಿಥಿಗಳು ಇಲ್ಲದ ದಿನ ಮಾಡಿ. ಶವರಿನ ಬಾಯಿಗೆ ಪ್ಲಾಸ್ಟಿಕ್ ಚೀಲ ಕಟ್ಟಿ, ಒಂದು ಮೂಲೆ ಕತ್ತರಿಸಿದರೆ ನೀರು ಸಿಡಿಯದೆ ಕೆಳಗೆ ಇಳಿಯುತ್ತದೆ. ಕೆಲಸದ ಹುಡುಗರಿಗೆ ಎನ್95 ಮಾಸ್ಕ್ ಕೊಡಿ, ದಮ್ಮು ಇರುವವರನ್ನು ಇದಕ್ಕೆ ಹಚ್ಚಬೇಡಿ. ಹಳೆಯ ಶವರ್ ತಲೆಗಳನ್ನೂ ರಬ್ಬರ್ ಹೋಸುಗಳನ್ನೂ ಉಜ್ಜುತ್ತಾ ಕೂರುವ ಬದಲು ಹೊಸದು ಹಾಕಿಸಿ.

ಅದಾದ ಮೇಲೆ ಅತಿಥಿ ಇಲ್ಲದ ರೂಮುಗಳಲ್ಲಿ ವಾರಕ್ಕೊಮ್ಮೆ, ನೀರು ಪೂರ್ತಿ ಬಿಸಿ ಬರುವವರೆಗೆ ನಲ್ಲಿ ಮತ್ತು ಶವರ್ ಬಿಡಬೇಕು. ಹೆಲ್ತ್ ಫಾಸೆಟ್ ಬಿಟ್ಟುಹೋಗದಿರಲಿ. ತಿಂಗಳಿಗೊಮ್ಮೆ ನಾಲ್ಕು ಕಡೆ ಅಳೆದು ಪುಸ್ತಕದಲ್ಲಿ ಬರೆಯಿರಿ: ಟ್ಯಾಂಕಿನಿಂದ ಹೊರಡುವ ನೀರು, ವಾಪಸ್ ಬರುವ ನೀರು, ಅತಿ ಹತ್ತಿರದ ರೂಮು, ಅತಿ ದೂರದ ರೂಮು. ದೂರದ್ದು ಮಾತ್ರ ಇಳಿದರೆ ಪೈಪಿನಲ್ಲಿ ತೊಂದರೆ, ನಾಲ್ಕೂ ಇಳಿದರೆ ಟ್ಯಾಂಕಿನಲ್ಲಿ.

ಮರುಪರೀಕ್ಷೆಯನ್ನು ಶುದ್ಧ ಮಾಡಿದ ಮಾರನೇ ದಿನವೇ ಮಾಡಿಸಬೇಡಿ. ಆಗ ಎಲ್ಲಾ ಸೊನ್ನೆ ಬರುತ್ತದೆ, ಅದನ್ನು ನಂಬಲಾಗದು. ಕನಿಷ್ಠ ಎರಡು ದಿನ, ಆದರೆ ವಾರದೊಳಗೆ ಮಾದರಿ ತೆಗೆಸಿ. ಪ್ರತಿ ರೂಮಿನಲ್ಲೂ ಎರಡು ಬಾಟಲಿ ತುಂಬಿಸಿ, ನಲ್ಲಿ ತೆರೆದ ತಕ್ಷಣದ್ದು ಒಂದು, ಎರಡು ನಿಮಿಷ ಬಿಟ್ಟ ಮೇಲಿನದು ಒಂದು. ಮೊದಲನೆಯದರಲ್ಲಿ ಮಾತ್ರ ಸಿಕ್ಕರೆ ಅದು ಆ ರೂಮಿನ ನಲ್ಲಿಯ ಕೊಳೆ. ಎರಡರಲ್ಲೂ ಸಿಕ್ಕರೆ ಒಳಗಿನಿಂದಲೇ ಬರುತ್ತಿದೆ ಅಂತ ಅರ್ಥ, ಮತ್ತೆ ಟ್ಯಾಂಕಿನ ತಳಕ್ಕೆ ಹೋಗಿ ನೋಡಬೇಕು. ಲ್ಯಾಬಿನಲ್ಲಿ ಬ್ಯಾಕ್ಟೀರಿಯಾ ಬೆಳೆಸಿ ಎಣಿಸಲು ಹತ್ತು ದಿನದ ಹತ್ತಿರ ಹಿಡಿಯುತ್ತದೆ. ಆ ವರದಿ ಕೈಗೆ ಬರುವವರೆಗೆ ಹಳೇ ಬ್ಲಾಕನ್ನು ತೆರೆಯಬೇಡಿ. ಹೊಸ ಬ್ಲಾಕಿನಲ್ಲೂ ಬಕೆಟ್ ಸ್ನಾನವೇ ಮುಂದುವರಿಯಲಿ.